ನಾಲ್ಕರ ಮೇಲೆ ಏರದ ಗೆರೆ

ಪ್ರಾಕ್ಟಿಕಲ್ ಪರೀಕ್ಷೆಯ ಬೆಳಿಗ್ಗೆ ಸಬೀನಾ ತಿಂಡಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಬ್ಯಾಗಿನಲ್ಲಿದ್ದ ರೆಕಾರ್ಡ್ ಪುಸ್ತಕದ ಇಪ್ಪತ್ತೆರಡನೇ ಪುಟದಲ್ಲಿ ಒಂದು ಸುಳ್ಳಿತ್ತು. ಅದನ್ನು ಬರೆದವಳು ಅವಳೇ.

ಚಳ್ಳಕೆರೆಯ ಕಾಲೇಜಿನಲ್ಲಿ ಅವಳದು ಕಂಪ್ಯೂಟರ್ ಸೈನ್ಸ್. ಸಾವಿರ ಅಡ್ಡಸಾಲು, ಸಾವಿರ ಕಂಬಸಾಲುಗಳ ಎರಡು ಮ್ಯಾಟ್ರಿಕ್ಸ್‌ಗಳನ್ನು ಗುಣಿಸಬೇಕು. ಸಾಲುಗಳನ್ನು ಏಕಕಾಲಕ್ಕೆ ಓಡುವ ಕೆಲಸದ ಎಳೆಗಳಾದ ಥ್ರೆಡ್‌ಗಳಿಗೆ ಹಂಚಿ, ಥ್ರೆಡ್ ಹೆಚ್ಚಿದಂತೆ ವೇಗ ಎಷ್ಟು ಪಟ್ಟು ಹೆಚ್ಚುತ್ತದೆ ಎಂದು ಅಳೆದು ಗ್ರಾಫ್ ಹಾಕಬೇಕು. ಅವಳ ಅಳತೆಯಲ್ಲಿ ಒಂದು ಥ್ರೆಡ್‌ಗೆ ಆರು ಸೆಕೆಂಡು, ಎರಡಕ್ಕೆ ಮೂರು ಚಿಲ್ಲರೆ, ನಾಲ್ಕಕ್ಕೆ ಒಂದು ಪಾಯಿಂಟ್ ಎಂಟು. ಎಂಟಕ್ಕೆ ಒಂದು ಪಾಯಿಂಟ್ ಆರು. ಹದಿನಾರಕ್ಕೂ ಅಷ್ಟೇ! ವೇಗದ ಗೆರೆ ಏರಿ ಏರಿ ಚಪ್ಪಟೆಯಾಗಿ ಮಲಗಿಬಿಟ್ಟಿತ್ತು. ಮೂರು ಸಲ ಮಾಡಿದರೂ ಅದೇ.

ಮೊಳಕಾಲ್ಮೂರಿನಿಂದ ಬಸ್ಸಿನಲ್ಲಿ ಬರುವ ಗೆಳತಿ ಸ್ವಪ್ನಳ ಗ್ರಾಫ್ ಮಾತ್ರ ಸ್ಕೇಲ್ ಇಟ್ಟು ಎಳೆದಂತೆ ನೆಟ್ಟಗಿತ್ತು. ಹದಿನಾರು ಥ್ರೆಡ್‌ಗೆ ಹದಿನೈದು ಪಾಯಿಂಟ್ ಎಂಟು ಪಟ್ಟು. ಹೋದ ವರ್ಷದವರ ರೆಕಾರ್ಡಿನಿಂದ ಇಳಿಸಿದ್ದು. "ನಿಂದು ಪ್ರೋಗ್ರಾಂ ತಪ್ಪೈತೆ ಕಣೇ. ಎಲ್ಲಾರ್ದೂ ಹಿಂಗೇ ಐತೆ, ನೀನೊಬ್ಳೇ ಬೇರೆ ಬರದ್ರೆ ಸಿಕ್ಕಾಕ್ಕಂತೀಯ" ಎಂದಿದ್ದಳು. ಸಬೀನಾ ಹೆದರಿ, ತನ್ನ ಅಂಕಿಗಳನ್ನು ರಫ್ ಪುಸ್ತಕದಲ್ಲೇ ಬಿಟ್ಟು, ಸ್ವಪ್ನಳ ಗ್ರಾಫನ್ನೇ ನಕಲು ಮಾಡಿದ್ದಳು. ಆಮೇಲೆ ಕಾರಣ ಹುಡುಕಿ ಓದಿದಾಗ ತನ್ನದೇ ಸರಿ ಎಂದು ಗೊತ್ತಾಯಿತು. ಅಷ್ಟರಲ್ಲಿ ರೆಕಾರ್ಡಿಗೆ ಸಹಿ ಬಿದ್ದಾಗಿತ್ತು.

ಹೊರಗಿನಿಂದ ಬಂದ ಪರೀಕ್ಷಕಿ ಲಕ್ಷ್ಮೀದೇವಿ ಮೇಡಂ ಪುಟ ತಿರುವುತ್ತಾ ಇಪ್ಪತ್ತೆರಡಕ್ಕೆ ಬಂದು ನಿಂತರು.

"ಇದನ್ನ ಯಾವ ಸಿಸ್ಟಂನಲ್ಲಿ ಮಾಡಿದ್ದಮ್ಮ?"

"ಇದರಲ್ಲೇ ಮೇಡಂ."

"ಹಂಗಾದ್ರೆ ಈಗ ಮಾಡಿ ತೋರ್ಸು. ಒಂದು ಥ್ರೆಡ್, ಆಮೇಲೆ ಹದಿನಾರು."

ಸಬೀನಾಳ ಬೆರಳುಗಳು ಕೀಲಿಗಳ ಮೇಲೆ ಜಾರಿದವು. ಎರಡು ಸಲ ತಪ್ಪು ಟೈಪಾಯಿತು. ಪರದೆಯ ಮೇಲೆ ಆರು ಸೆಕೆಂಡು, ಆಮೇಲೆ ಒಂದು ಪಾಯಿಂಟ್ ಆರು ಬಂದು ಕುಳಿತವು. ಲ್ಯಾಬಿನ ಫ್ಯಾನುಗಳ ಸದ್ದು ಕಿವಿಗೆ ಅಡರಿಕೊಂಡಿತು. ಫಲಿತಾಂಶ ತಡೆಹಿಡಿಯುತ್ತಾರೆ, ಅಬ್ಬಾ ದುಡಿಯುವ ಗ್ಯಾರೇಜಿಗೆ ಹೋಗಿ ಅವರಿಗೆ ಏನೆಂದು ಹೇಳುವುದು? ಹಿಂದಿನ ಬೆಂಚಿನಲ್ಲಿ ಸ್ವಪ್ನ ಉಸಿರು ಬಿಗಿಹಿಡಿದು ಕುಳಿತಿದ್ದಳು.

"ಆರು ಭಾಗಿಸು ಒಂದು ಪಾಯಿಂಟ್ ಆರು, ನಾಲ್ಕೂ ಮುಟ್ಟಲ್ಲ. ಇಲ್ಲಿ ಹದಿನಾರು ಹತ್ರ ಬರ್ದಿದ್ದೀಯ. ಯಾರು ಕೊಟ್ರು ಈ ಗ್ರಾಫು?"

ಹೆಸರು ನಾಲಿಗೆಯ ತುದಿಗೆ ಬಂತು. ಹೇಳಿದರೆ ತಾನು ಉಳಿಯಬಹುದು. ಸಬೀನಾ ಬ್ಯಾಗಿಗೆ ಕೈಹಾಕಿದಳು.

"ನಾನೇ ಬರ್ದಿದ್ದು ಮೇಡಂ. ಸುಳ್ಳು. ನಿಜವಾದದ್ದು ಇಲ್ಲೈತೆ." ರಫ್ ಪುಸ್ತಕ ಚಾಚಿದಳು.

ಮೇಡಂ ಆ ಮಲಗಿದ ಗೆರೆಯ ಮೇಲೆ ಬೆರಳಿಟ್ಟರು. "ಯಾಕೆ ನಿಂತೋಯ್ತು ಇದು?"

"ಈ ಸಿಸ್ಟಂನ ಪ್ರೊಸೆಸರಿನಲ್ಲಿ ನಾಲ್ಕೇ ಕೋರ್ ಮೇಡಂ. ನಾಲ್ಕರ ತನಕ ಒಂದೊಂದು ಥ್ರೆಡ್‌ಗೆ ಒಂದೊಂದು ಕೋರ್ ಸಿಗ್ತದೆ. ಒಂದು ಕೋರ್ ಎರಡು ಥ್ರೆಡ್ ಹೊರಬಲ್ದು, ಆದ್ರೆ ಲೆಕ್ಕ ಮಾಡೋ ಭಾಗ ಎರಡಕ್ಕೂ ಒಂದೇ. ಅದಕ್ಕೇ ಎಂಟಕ್ಕೆ ಸ್ವಲ್ಪ ಮಾತ್ರ ಲಾಭ. ಅದರ ಮೇಲೆ ಥ್ರೆಡ್‌ಗಳು ಸರದಿ ಕಾಯ್ತವೆ."

"ನಾಲ್ಕು ಥ್ರೆಡ್‌ಗೆ ಪೂರಾ ನಾಲ್ಕು ಪಟ್ಟು ಯಾಕೆ ಬಂದಿಲ್ಲ?"

"ಫೈಲಿಂದ ಅಂಕಿ ಓದೋದು ಒಂದೇ ಥ್ರೆಡ್ ಮೇಡಂ. ಅದಕ್ಕೆ ಪಾಯಿಂಟ್ ಮೂರು ಸೆಕೆಂಡು. ಅದು ಹಂಚಿಕೆಯಾಗಲ್ಲ. ಜೊತೆಗೆ ಎಲ್ಲಾ ಕೋರ್‌ಗಳೂ ಒಂದೇ ಮೆಮೊರಿಯಿಂದ ಅಂಕಿ ತರಬೇಕು."

"ಸಾವಿರ ಕೋರ್ ಕೊಟ್ರೆ?"

"ಆವಾಗ್ಲೂ ಆ ಪಾಯಿಂಟ್ ಮೂರು ಇದ್ದೇ ಇರ್ತದೆ. ಆರನ್ನ ಪಾಯಿಂಟ್ ಮೂರರಿಂದ ಭಾಗಿಸಿದ್ರೆ ಇಪ್ಪತ್ತು, ಅಷ್ಟು ಪಟ್ಟು ದಾಟಕ್ಕೇ ಆಗಲ್ಲ."

ಮೇಡಂ ಕೆಂಪು ಪೆನ್ನು ತೆಗೆದರು. ಸಬೀನಾ ಕಣ್ಣು ಮುಚ್ಚಿಕೊಂಡಳು. ರೆಕಾರ್ಡಿನ ಪುಟದ ಮೇಲೆ ಪರಪರನೆ ಗೆರೆ ಎಳೆದ ಸದ್ದು.

"ರೆಕಾರ್ಡಿನ ಅಂಕ ಕಳಕೊಂಡೆ. ಬಾಯಲ್ಲಿ ಹೇಳಿದ್ದಕ್ಕೆ ವೈವಾ ಅಂಕ ಕೊಟ್ಟಿದ್ದೀನಿ. ಪಾಸಾಗ್ತೀಯ. ಆದ್ರೆ ಒಂದು ಕೇಳ್ತೀನಿ. ಸರಿಯಾದ್ದು ಕೈಯಲ್ಲಿಟ್ಕಂಡು ಯಾಕಮ್ಮ ಹೆದರ್ದೆ?"

"ಒಬ್ಳೇ ಆಗ್ಬಿಟ್ಟಿದ್ದೆ ಮೇಡಂ."

ಮೇಡಂ ಲ್ಯಾಬಿನ ಕಡೆ ತಿರುಗಿದರು. "ಎಲ್ಲಾರೂ ರೆಕಾರ್ಡ್ ಮುಚ್ಚಿಡಿ. ಒಬ್ಬೊಬ್ರೇ ನನ್ನ ಮುಂದೆ ರನ್ ಮಾಡಿ. ಬಂದದ್ದನ್ನೇ ಬರೀರಿ." ಪಟ್ಟಿ ನೋಡಿ ಕರೆದರು: "ಸ್ವಪ್ನ."

ಸ್ವಪ್ನ ಎದ್ದಳು, ಮುಖದಲ್ಲಿ ರಕ್ತವಿರಲಿಲ್ಲ. ಪಕ್ಕದಲ್ಲಿ ಹಾದುಹೋಗುವಾಗ ಸಬೀನಾ ಅವಳ ಮಣಿಕಟ್ಟು ಒತ್ತಿದಳು. ಎರಡೂ ಕೈಗಳು ಒಂದೇ ಸಮನೆ ತಣ್ಣಗಿದ್ದವು.