ಮೇಲಿನ ನಲ್ಲಿ

ಮಗಳ ಮನೆಯ ಹಜಾರದಲ್ಲಿ ಕೂತು ಚಹಾ ಕುಡಿಯುವಾಗಲೇ ಬಚ್ಚಲಮನೆಯಿಂದ ನೀರು ತೊಟ್ಟಿಕ್ಕುವ ಸದ್ದು ಪ್ಲಂಬರನ ಕಿವಿಗೆ ಬಿದ್ದಿತ್ತು. ಬೇರೆ ಯಾರ ಮನೆಯಾಗಿದ್ದರೂ ಎದ್ದು ಹೋಗಿ ನೋಡುತ್ತಿದ್ದ. ಬೀಗರ ಮನೆ, ಕರೆಯದೆ ಎದ್ದರೆ ಏನೆಂದುಕೊಂಡಾರೋ ಎಂದು ಲೋಟ ಹಿಡಿದೇ ಕೂತ. ಕೊನೆಗೆ ಬೀಗಿತ್ತಿಯೇ ನಗುತ್ತ ಮಾತು ತೆಗೆದರು.

"ನಲ್ಲಿ ಕೆಲಸದವರ ಮಗಳು ಅಂತ ಜಂಬ ಕೊಚ್ಕೊಂಡು ಸೊಸೆ ತಂದ್ವಿ ಬೀಗರೇ. ಅವಳಿಗೆ ನಲ್ಲಿ ಮುಚ್ಚೋಕೇ ಬರಲ್ಲ ನೋಡಿ."

ಅವನೂ ನಕ್ಕ. ಮಗಳು ಬಾಗಿಲಲ್ಲಿ ನಿಂತಿದ್ದಳು, ನಗಲಿಲ್ಲ.

ಎದ್ದು ಬಚ್ಚಲಿಗೆ ಹೋದ. ಅಲ್ಲಿ ಎರಡು ನಲ್ಲಿ. ಬಕೆಟ್ಟಿನ ಮೇಲಿದ್ದದ್ದು ಹಳೇ ಕಾಲದ್ದು, ಸುತ್ತು ಸುತ್ತು ತಿರುಗಿಸಿ ಮುಚ್ಚುವಂಥದ್ದು. ಅದಕ್ಕಿಂತ ಮೇಲೆ, ಬೇಸಿನ್ನಿನ ಹತ್ತಿರ, ಹೊಳಪಿನ ಹೊಸದೊಂದು. ಅದರ ಹಿಡಿಗೆ ಯಾರೋ ಒಂದು ಬಟ್ಟೆಚೂರು ಸುತ್ತಿದ್ದರು. ಎರಡೂ ತೊಟ್ಟಿಕ್ಕುತ್ತಿದ್ದವು. ಬಗ್ಗಿ ಕೆಳಗಿನದನ್ನು ಇನ್ನೊಂದಿಷ್ಟು ಬಿಗಿ ಮಾಡಿದ. ತೊಟ್ಟು ನಿಂತಿತು. ಬಿಗಿ ಮಾಡಿದರೆ ನಿಲ್ಲುತ್ತದೆ ಎಂದರೆ ವಾಷರ್ ಸವೆದಿದೆ, ಅಷ್ಟೇ. ಮೇಲಿನದನ್ನು ಅವನು ಮುಟ್ಟಲೇ ಇಲ್ಲ. ಬೀಗಿತ್ತಿ ಬೆನ್ನ ಹಿಂದೆ ಕಾಯುತ್ತಿದ್ದರು. ತಕ್ಷಣ ಹೇಳಿಬಿಡುವ ಅವಸರ ಅವನಿಗೆ.

ವಾಷರ್ ಹಳತಾಗಿದೆ, ಎರಡಕ್ಕೂ ಹಾಕಿಕೊಡುತ್ತೇನೆ, ಆದರೆ ಗಟ್ಟಿಯಾಗಿ ಮುಚ್ಚಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ ಎಂದ. ಮಗಳು, "ಅಪ್ಪಾ, ಮೇಲಿನದು ಎಷ್ಟು ಒತ್ತಿದ್ರೂ..." ಎಂದು ಬಾಯಿ ತೆರೆದಳು.

"ಸಾಕು ಸುಮ್ನಿರು. ನಿಮ್ಮತ್ತೆ ಹೇಳೋದರಲ್ಲಿ ತಪ್ಪೇನಿದೆ? ನನ್ನ ಮಾನ ಕಳೀಬೇಡ."

ಅವಳು ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಸ್ಕೂಟರಿನಿಂದ ಚೀಲ ತಂದು ನೀರಿನ ವಾಲ್ವ್ ಮುಚ್ಚಿ ಕೆಲಸಕ್ಕೆ ಕೂತ. ಕೆಳಗಿನ ನಲ್ಲಿ ಬಿಚ್ಚಿದಾಗ ಅವನೆಂದದ್ದೇ ಸರಿಯಾಗಿತ್ತು: ರಬ್ಬರ್ ವಾಷರಿನ ಮೇಲೆ ಉಂಗುರದಂತೆ ಗುಳಿ ಬಿದ್ದಿತ್ತು. ಅದು ಒತ್ತಿಕೊಳ್ಳುವ ಹಿತ್ತಾಳೆ ಅಂಚಿಗೆ ಬೆರಳು ಸವರಿ ನೋಡಿದ, ನಯವಾಗಿತ್ತು. ಹೊಸ ವಾಷರ್ ಕೂರಿಸಿದ. ಆಮೇಲೆ ಮೇಲಿನದಕ್ಕೆ ಕೈ ಹಾಕಿದ.

ಹಿಡಿ ಕಾಲು ಸುತ್ತು ತಿರುಗಿ ಟಕ್ಕೆಂದು ನಿಂತಿತು. ಅಲ್ಲಿಂದಾಚೆ ಒತ್ತಿದರೂ ಎಲ್ಲಿಗೂ ಹೋಗುವುದಿಲ್ಲ. ಸುತ್ತಿದ್ದ ಬಟ್ಟೆಚೂರು ಬಿಚ್ಚಿ, ಹಿಡಿ ಕಳಚಿ, ಒಳಗಿನದನ್ನು ಹೊರತೆಗೆದ. ಇದರಲ್ಲಿ ಬಿಗಿ ಮಾಡಿದರೆ ಅದುಮಿಕೊಳ್ಳುವ ವಾಷರೇ ಇಲ್ಲ. ಬೆರಳುದ್ದದ ಕಾರ್ಟ್ರಿಡ್ಜ್, ಅದರೊಳಗೆ ಒಂದರ ಮೇಲೊಂದು ಜಾರುವ ಎರಡು ಪಿಂಗಾಣಿ ಬಿಲ್ಲೆ. ರಂಧ್ರಕ್ಕೆ ರಂಧ್ರ ಸೇರಿದರೆ ನೀರು, ಸರಿದರೆ ಬಂದ್. ಮರಳಿನ ಕಣವೊಂದು ಸಿಕ್ಕಿ ಒಂದು ಬಿಲ್ಲೆಯ ಉದ್ದಕ್ಕೂ ಗೀರು ಬಿದ್ದಿತ್ತು. ನೀರು ಸೋರುತ್ತಿದ್ದದ್ದು ಆ ಗೀರಿನಿಂದ. ತೊಳೆದರೆ ಹೋಗುವಂಥದ್ದಲ್ಲ, ಇಡೀ ಕಾರ್ಟ್ರಿಡ್ಜೇ ಬದಲಾಗಬೇಕು. ಭೀಮನೇ ಬಂದು ತಿರುಗಿಸಿದ್ದರೂ ಆ ತೊಟ್ಟು ನಿಲ್ಲುತ್ತಿರಲಿಲ್ಲ.

ಒದ್ದೆ ಬಟ್ಟೆಚೂರು ಅವನ ಮಂಡಿಯ ಮೇಲಿತ್ತು. ಒರೆಸಲು ಇಟ್ಟಿದ್ದಾರೆ ಎಂದುಕೊಂಡಿದ್ದ. ಕೈ ಜಾರದಂತೆ ಹಿಡಿದು ತಿರುಗಿಸಲು ಸುತ್ತಿದ ಬಟ್ಟೆ ಅದು. ಮಗಳ ಹಳೇ ಚೂಡಿದಾರದ ತುಂಡು, ಅವನೇ ಕೊಡಿಸಿದ್ದು.

ಹಳೆಯದನ್ನು ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋಗಿ, ಅಳತೆಗೆ ಅಳತೆ, ಹಿಡಿ ಕೂರುವ ತುದಿಯ ಹಲ್ಲಿಗೆ ಹಲ್ಲು ತಾಳೆ ನೋಡಿ ಹೊಸದನ್ನು ತಂದ. ದಾರಿಯುದ್ದಕ್ಕೂ ಒಂದೇ ಯೋಚನೆ: ಹಾಕಿ ಸುಮ್ಮನೆ ಎದ್ದರೆ ಯಾರಿಗೆ ಗೊತ್ತಾಗುತ್ತದೆ? ಗೊತ್ತಿರುವುದು ಮಗಳಿಗೆ ಮಾತ್ರ. ಅವಳು ಹೇಳುವವಳಲ್ಲ.

ಹಾಕಿದ. ನೀರು ಬಿಟ್ಟು, ಮುಚ್ಚಿ, ಕಾದ. ಎರಡರಲ್ಲೂ ಸದ್ದಿಲ್ಲ. ಬೀಗಿತ್ತಿಗೆ ಸಂತೋಷವಾಯಿತು. ಪಳಗಿದ ಕೈ ಅಂದರೆ ಇದು ಎಂದು ಹೊಗಳಿ ಸೊಸೆಯತ್ತ ತಿರುಗಿದರು. "ನೋಡ್ದ್ಯಾ? ಇನ್ಮೇಲಾದ್ರೂ ಅಪ್ಪ ಹೇಳಿದ ಹಾಗೆ ಗಟ್ಟಿಯಾಗಿ ಮುಚ್ಚು."

ಮಗಳು ತಲೆಯಾಡಿಸಿದಳು. ಆ ತಲೆಯಾಡಿಸುವಿಕೆಯನ್ನು ಅವನಿಗೆ ನೋಡಲಾಗಲಿಲ್ಲ. ಜೇಬಿನಿಂದ ಹಳೇ ಕಾರ್ಟ್ರಿಡ್ಜ್ ತೆಗೆದು ಬೀಗಿತ್ತಿಯ ಮುಂದೆ ಹಿಡಿದ. ಬೇಸಿನ್ನಿನ ನಲ್ಲಿಗೆ ವಾಷರೇ ಇಲ್ಲ, ಒಳಗಿನ ಬಿಲ್ಲೆಗೆ ಗೀರು ಬಿದ್ದಿತ್ತು, ನೀವು ಮುಚ್ಚಿದ್ದರೂ ಸೋರುತ್ತಿತ್ತು ಎಂದ.

"ನಾನು ಮುಟ್ಟಿ ಕೂಡ ನೋಡದೆ ಹೇಳ್ಬಿಟ್ಟೆ ತಾಯೀ. ನಿಮ್ಮೆದುರು ದೊಡ್ಡವನಾಗೋಕೆ ಮಗಳನ್ನ ಚಿಕ್ಕವಳು ಮಾಡಿದೆ. ಅವಳ ಕೈಯಲ್ಲಿ ದೋಷ ಇರಲಿಲ್ಲ."

ಬೀಗಿತ್ತಿ ಆ ಬಿಲ್ಲೆಯನ್ನೂ ಸೊಸೆಯನ್ನೂ ನೋಡಿದರು. "ಅಯ್ಯೋ, ನಾನೂ ಬೆಳಗಾದ್ರೆ ಅದನ್ನೇ ಅಂತಿದ್ದೆ," ಎಂದು ಮೆಲ್ಲಗೆ ಹೇಳಿ ಅಡುಗೆಮನೆಗೆ ಹೋದರು.

ಹೊರಡುವ ಮುಂಚೆ ಕೈ ತೊಳೆಯಲು ಬೇಸಿನ್ನಿನ ಮುಂದೆ ನಿಂತ. ಮಗಳು ಟವೆಲು ತಂದಳು. ಕ್ಷಮಿಸು ಎನ್ನಬೇಕೆಂದು ಅವನು ಬಾಯಿ ತೆರೆದ. ಅಷ್ಟರಲ್ಲಿ ಅವಳು ಅವನ ಭುಜದ ಪಕ್ಕದಿಂದ ಕೈ ಚಾಚಿ ಒಂದೇ ಬೆರಳಿನಲ್ಲಿ ನಲ್ಲಿ ಮುಚ್ಚಿದಳು. ನೀರು ನಿಂತಿತು. ಅವನು ತಲೆ ತಗ್ಗಿಸಿ ಕೈ ಒರೆಸಿಕೊಳ್ಳುತ್ತಲೇ ಇದ್ದ, ಒಣಗಿದ ಮೇಲೂ.