ಹೆಸರು ಹೇಳುವವರು

ಸಾವಿರದ ಒಂಬೈನೂರ ಅರವತ್ತನಾಲ್ಕರ ಆಷಾಢದಲ್ಲಿ ನಮ್ಮ ಕಾರ್ಖಾನೆಯ ಸೂಚನಾ ಫಲಕಕ್ಕೆ ಒಂದು ಪ್ರಕಟಣೆ ಬಿತ್ತು. ಹೊಸದಾಗಿ ಮೀಟರು ಪರೀಕ್ಷಾ ವಿಭಾಗ ತೆರೆಯುತ್ತಾರೆ. ಅದರಲ್ಲಿ ಒಂದು ಜಾಗ ಒಳಗಿನ ಕೆಲಸಗಾರರಿಗೆ. ಐದು ವರ್ಷದ ಅನುಭವ ಇರಬೇಕು, ವಯಸ್ಸು ಮೂವತ್ತೈದು ಮೀರಿರಬಾರದು. ಅದನ್ನು ಬೆರಳಚ್ಚು ಮಾಡಿದವನು ನಾನೇ. ಸಿಬ್ಬಂದಿ ವಿಭಾಗದಲ್ಲಿ ಗುಮಾಸ್ತನಾಗಿದ್ದ ನನಗೆ ಆಯ್ಕೆ ಸಮಿತಿ ಕೂತಾಗ ಮೂಲೆಯ ಮೇಜಿನಲ್ಲಿ ಕೂತು ನಡಾವಳಿ ಬರೆಯುವ ಕೆಲಸವಿತ್ತು. ಅಲ್ಲಿ ನಾನು ಕೇಳಬಹುದು, ಬರೆಯಬಹುದು. ಮಾತಾಡುವಂತಿಲ್ಲ.

ಪ್ರಕಟಣೆ ಅಂಟಿಸಿದ ದಿನವೇ ಸಂಜೆ ಆಂಜಿನಪ್ಪ ನನ್ನನ್ನು ಗೇಟಿನ ಬಳಿ ಹಿಡಿದ. ಶೆಟ್ಟಿಹಳ್ಳಿಯವನು, ಲೋಹದ ಸಾಮಾನಿಗೆ ಲೇಪ ಕೂರಿಸುವ ಪ್ಲೇಟಿಂಗ್ ಷಾಪಿನಲ್ಲಿ ಕ್ರೋಮಿಯಂ ತೊಟ್ಟಿ ನೋಡಿಕೊಳ್ಳುತ್ತಿದ್ದ. ಶನಿವಾರ ನಮ್ಮ ಭಜನೆ ಮನೆಯಲ್ಲಿ ನಾನು ಕಾವ್ಯ ಓದುವಾಗ ಬಾಗಿಲ ಪಕ್ಕ ಕೂತು ಕೇಳುವವರಲ್ಲಿ ಒಬ್ಬ.

"ನರಸಿಂಹಯ್ಯನೋರೇ, ಆ ಜಾಗ ನಂಗೆ ಸಿಗ್‌ಬೇಕು," ಎಂದ.

"ಅರ್ಜಿ ಹಾಕಪ್ಪ. ಯಾಕಿಷ್ಟು ಅವಸರ?"

ಅವನು ಜೇಬಿನಿಂದ ಕರವಸ್ತ್ರ ತೆಗೆದು ಬಿಡಿಸಿದ. ಒಣಗಿದ ಕೆಂಪು ಕಲೆ. "ಕೆಮ್ಮಿದ್ರೆ ರಕ್ತ, ಮೂರು ತಿಂಗಳಾಯ್ತು. ತೊಟ್ಟಿ ಮೇಲೆ ಬರೋ ಹಬೆ ಎದೆಗೆ ಕೂತ್ಬಿಟ್ಟೈತೆ. ಮಾಗಡಿ ರಸ್ತೆ ಡಾಕ್ಟ್ರು ಆ ಜಾಗ ಬಿಡು ಅಂದವ್ರೆ."

"ಕಾರ್ಖಾನೆ ಡಾಕ್ಟರ ಹತ್ರ ಬರೆಸಿಕೊಂಡು ಬಾ, ಹಗುರ ಕೆಲಸ ಕೊಡ್ತಾರೆ."

"ಹಗುರ ಕೆಲಸ ಅಂದ್ರೆ ಪೊರಕೆ ಕಣ್ರೀ. ಮುನಿವೆಂಕಟನ್ನ ಇಂಗೇ ಕಳಿಸಿದ್ರು, ಇವತ್ತಿಗೂ ಅಂಗಳ ಗುಡಿಸ್ತಾವ್ನೆ. ಒಂದ್ಸಲ ಅನಾರೋಗ್ಯ ಅಂತ ಬರೆದ್ರೆ ಆಮೇಲೆ ಯಾವ ಡಿಪಾರ್ಟ್‌ಮೆಂಟೂ ಸೇರಿಸ್ಕೊಳ್ಳಲ್ಲ. ಮುಂದಿನ ಕಾರ್ತಿಕಕ್ಕೆ ನಂಗೆ ಮೂವತ್ತಾರು. ಇದೇ ಕೊನೇದು."

ನಾನು ತಿಳಿದದ್ದನ್ನು ಹೇಳಿದೆ. ಅರ್ಜಿ ಅವನ ಷಾಪಿನ ಫೋರ್‌ಮನ್ನರ ಮೂಲಕವೇ ಬರಬೇಕು, ಅವರು ಬಿಡುಗಡೆಗೆ ಒಪ್ಪಿ ಸಹಿ ಹಾಕಬೇಕು. ಸಮಿತಿಯಲ್ಲಿ ಬೇರೆ ಬೇರೆ ವಿಭಾಗದ ಮುಖ್ಯಸ್ಥರು ಕೂರುತ್ತಾರೆ, ಅಲ್ಲಿ ಯಾರಾದರೂ ಹೆಸರೆತ್ತಿ ಮಾತಾಡಬೇಕು. ಇಲ್ಲದಿದ್ದರೆ ಅರ್ಜಿ ಅರ್ಜಿಯಾಗಿಯೇ ಉಳಿಯುತ್ತದೆ. ಇಷ್ಟು ಹೇಳಿ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ದೊಡ್ಡವರನ್ನ ಬರಿಗೈಲಿ ನೋಡಬಾರದು, ಒಂದು ನಿಂಬೆಹಣ್ಣಾದರೂ ಕೊಟ್ಟು ಕೈಮುಗಿ," ಎಂದೂ ಸೇರಿಸಿದೆ. ನಮ್ಮ ಭಜನೆ ಮನೆಗೆ ಓದು ಕೇಳಲು ಬರುವವರು ಹಾಗೆಯೇ ಬರುತ್ತಿದ್ದರು. ಕಾರ್ಖಾನೆಗೂ ಅದೇ ಸರಿ ಎಂದುಕೊಂಡೆ.

ಅವನು ಒಂದೇ ವಾರದಲ್ಲಿ ನಾಲ್ಕು ವಿಭಾಗ ಸುತ್ತಿದ. ಟೂಲ್ ರೂಮಿನ ಲಕ್ಕಣ್ಣನವರು, ತಪಾಸಣೆಯ ಗೋಪಾಲಮ್ಮನವರು, ಜೋಡಣೆಯ ಹಬೀಬುಲ್ಲಾ ಸಾಹೇಬರು, ಹೊಸ ಪರೀಕ್ಷಾ ವಿಭಾಗಕ್ಕೆ ಬಂದಿದ್ದ ಇಂಜಿನಿಯರ್ ಖಾದರ್ ಬಾಷಾ. ಎಲ್ಲರಿಗೂ ಒಂದೊಂದು ನಿಂಬೆಹಣ್ಣು, ಒಂದು ನಮಸ್ಕಾರ, "ನನ್ನ ಹೆಸರು ಹೇಳ್ಬೇಕು" ಎಂಬ ಒಂದು ಮಾತು. ಎಲ್ಲರೂ "ಆಗಲಿ, ನೋಡೋಣ" ಎಂದರಂತೆ. ಅವನ ಮುಖ ತಿಳಿಯಾಗಿತ್ತು. ನನಗೂ ಸಮಾಧಾನವಾಯಿತು.

ಸಮಿತಿ ಸೋಮವಾರ ಕೂತಿತು. ಅಧ್ಯಕ್ಷರು ನಮ್ಮ ಸಿಬ್ಬಂದಿ ಅಧಿಕಾರಿ ವೆಂಕಟರಾಮಯ್ಯನವರು. ಆಂಜಿನಪ್ಪನ ಅರ್ಜಿ ಮೇಲೆ ಬಂದಾಗ ಲಕ್ಕಣ್ಣನವರು ನಕ್ಕರು.

"ಇವನು ನನಗೊಂದು ನಿಂಬೆಹಣ್ಣು ಕೊಟ್ಟ ಕಣ್ರೀ."

"ನಿಮಗೂನಾ?" ಎಂದರು ಗೋಪಾಲಮ್ಮ. "ನನಗೊಬ್ಬಳಿಗೇ ಕೊಟ್ಟ ಅಂದುಕೊಂಡಿದ್ದೆ. ಉಪ್ಪಿನಕಾಯಿಗೆ ಆಯ್ತು."

"ಮೇರೆಕು ಭೀ ಬಂತು," ಎಂದರು ಹಬೀಬುಲ್ಲಾ. ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ.

ವೆಂಕಟರಾಮಯ್ಯನವರು ಮಾತ್ರ ನಗಲಿಲ್ಲ. "ಆಳು ಹೇಗೆ?"

"ಒಳ್ಳೆಯವನು." "ಮರ್ಯಾದಸ್ಥ." "ಕೆಲಸಕ್ಕೆ ತಪ್ಪಿಸಲ್ಲ." ಮೂರು ದಿಕ್ಕಿನಿಂದ ಬಂತು. ಬರೆದುಕೊಂಡೆ.

"ಸರಿ. ಆರು ತಿಂಗಳು ಇವನ ಜವಾಬ್ದಾರಿ ಹೊರೋರು ಯಾರು? ಮೀಟರು ತಪ್ಪು ಓದಿ ಸಾಮಾನು ಹೊರಗೆ ಹೋದ್ರೆ, ಇವನನ್ನ ನಾನು ಹೇಳಿ ಹಾಕಿಸಿದೆ ಅಂತ ನಿಲ್ಲೋರು ಯಾರು?"

ಒಬ್ಬೊಬ್ಬರೂ ಮತ್ತೊಬ್ಬರ ಕಡೆ ನೋಡಿದರು. ಇನ್ನೊಬ್ಬರು ಆಗಲೇ ಹೊತ್ತಿದ್ದಾರೆಂದು ಎಲ್ಲರೂ ತಿಳಿದಿದ್ದರು. ಪದ್ಯ ಓದುವವನು ಉಸಿರು ನಿಲ್ಲಿಸುವ ಜಾಗದಲ್ಲಿ ಅರ್ಥ ಇರುತ್ತದೆ ಎಂದು ನಮ್ಮ ತಾತ ಹೇಳುತ್ತಿದ್ದರು. ಆ ಮೌನದಲ್ಲಿ ನನಗೆ, ಒಬ್ಬರ ಬದಲು ಎಲ್ಲರ ಬಳಿಗೂ ಅವನನ್ನು ಕಳಿಸಿದ ನನ್ನ ತಪ್ಪು ಕೇಳಿಸಿತು.

ಖಾದರ್ ಬಾಷಾ ಮೆಲ್ಲಗೆ ಹೇಳಿದರು: "ಸಾರ್, ನಾನು ಇವರ ಕೆಲಸ ನೋಡಿಲ್ಲ. ಹಣ್ಣು ನೋಡಿದೀನಿ, ಕೆಲಸ ನೋಡಿಲ್ಲ. ಹೇಗೆ ತಗೊಳ್ಳಲಿ?"

ವೆಂಕಟರಾಮಯ್ಯನವರು ಅರ್ಜಿ ತಿರುವಿದರು. "ಬಿಡುಗಡೆ ಸಹಿಯೂ ಇಲ್ಲ. ಇವನ ಫೋರ್‌ಮನ್ನೇ ಕೊಡೋಕೆ ಒಪ್ಪಿಲ್ಲ. ಶುಕ್ರವಾರದವರೆಗೆ ಇಡಿ. ಅಷ್ಟರಲ್ಲಿ ಸಹಿ ಬರದಿದ್ರೆ ಮುಂದಿನ ಹೆಸರು."

ಒಳಗಿನ ಮಾತು ಹೊರಗೆ ಹೇಳುವ ಹಕ್ಕು ನನಗಿರಲಿಲ್ಲ. ಆದರೆ ಅರ್ಜಿಯಲ್ಲಿ ಸಹಿ ಇಲ್ಲವೆಂಬುದನ್ನು ಅರ್ಜಿದಾರನಿಗೆ ತಿಳಿಸುವುದು ನನ್ನ ಕೆಲಸವೇ. ಮಧ್ಯಾಹ್ನದ ಊಟದ ಸಿಳ್ಳೆ ಹೊಡೆದಾಗ ಹೋಗಿ ಹೇಳಿದೆ.

"ಮುನಿಶಾಮಪ್ಪನೋರ್ನ ದಿನಾ ನೋಡ್ತೀನಲ್ಲ," ಎಂದ ಆಂಜಿನಪ್ಪ. "ಅರ್ಜಿ ಅವರ ಮೇಜಿನ ಮೇಲಿಟ್ಟು ಬಂದೆ. ಅವರನ್ನ ಬೇರೆ ಕೇಳ್ಬೇಕಾ?"

"ಕೇಳಬೇಕಿತ್ತು. ಮೊದಲು ಅವರನ್ನೇ ಕೇಳಬೇಕಿತ್ತು. ಸಹಿ ಬೇಕು ಅಂದೆ, ಮೊದಲು ಅವರ ಹತ್ರ ಹೋಗು ಅಂತ ನಾನೂ ಹೇಳಲಿಲ್ಲ."

ಇಬ್ಬರೂ ಹೋದೆವು. ಫೋರ್‌ಮನ್ ಮುನಿಶಾಮಪ್ಪ ಷಾಪಿನ ಹಿಂದಿನ ಹೊಂಗೆ ಮರದಡಿ ಕೂತು ಮುದ್ದೆ ಮುರಿಯುತ್ತಿದ್ದರು. ಐವತ್ತು ದಾಟಿದ ಆಳು. ತಲೆ ಎತ್ತಲಿಲ್ಲ.

"ಬಾರಪ್ಪ. ಊರಿಗೆಲ್ಲ ನಿಂಬೆಹಣ್ಣು ಹಂಚಿದೆಯಂತೆ. ನಮ್ ಸಾರಿಗೆ ಹುಳಿ ಸಾಲ್ದು, ನಮಗೊಂದು ಕೊಡ್ಲಿಲ್ಲ."

"ತಪ್ಪಾಯ್ತು ಅಣ್ಣ."

"ಕ್ಯಾಂಟೀನಲ್ಲಿ ಲಕ್ಕಣ್ಣ ಕೇಳ್ತಾನೆ: ಏನ್ ಮುನಿಶಾಮಪ್ಪ, ನಿನ್ನ ಆಳು ಓಡೋಗ್ತಾವ್ನಂತೆ? ಆವಾಗ ನನಗೇ ಗೊತ್ತಿಲ್ಲ, ಅರ್ಜಿ ಮೇಜಿನ ಮೇಲೆ ಕಂಡಿದ್ದು ಆಮೇಲೆ! ಆರು ವರ್ಷ ಕೆಲಸ ಕಲಿಸ್ದೋನು ನಾನು. ಎಲ್ಲರ ಮುಂದೆ ಬಾಯಿ ಬಿಟ್ಕೊಂಡು ನಿಂತೆ." ಮುದ್ದೆ ನುಂಗಿದರು. "ಅದಕ್ಕೇ ಸಹಿ ಇಲ್ದೆ ಮೇಲಕ್ಕೆ ಕಳಿಸ್ದೆ. ಹಾಕೋದೂ ಇಲ್ಲ. ನೀನು ಹೋದ್ರೆ ಆ ತೊಟ್ಟಿ ನೋಡೋರ್ಯಾರು?"

ಆಂಜಿನಪ್ಪ ಕರವಸ್ತ್ರ ತೆಗೆದು ಅವರ ಮುಂದೆ ಹಿಡಿದ.

ಮುನಿಶಾಮಪ್ಪ ಅದನ್ನು ನೋಡಿ ಮುದ್ದೆ ಬದಿಗಿಟ್ಟರು. ಕೈ ತೊಳೆದರು. "ನನ್ನ ಹತ್ರ ಮುಚ್ಚಿಟ್ಟೆ, ನೋಡು," ಎಂದರು. ಸಿಟ್ಟು ಹೋಗಿ ಬೇರೇನೋ ಇತ್ತು ದನಿಯಲ್ಲಿ. "ನಂಗೂ ನಲವತ್ತೆರಡ್ನೇ ಇಸ್ವೀಲಿ ಇಂಗೇ ಆಗಿತ್ತು, ಹಳೇ ಕಾರ್ಖಾನೇಲಿ. ಯಾರ್ನ ಕೇಳ್ಬೇಕು ಅಂತಾನೇ ಗೊತ್ತಿರ್ಲಿಲ್ಲ. ಅಲ್ಲೇ ಇದ್ದೆ. ಅರ್ಧ ಎದೇಲೇ ಬದುಕ್ತಾ ಇವ್ನಿ."

ಎದ್ದು ಒಳಗೆ ಹೋಗಿ ಎರಡು ದಪ್ಪ ಪುಸ್ತಕ ತಂದರು. ತೊಟ್ಟಿಯ ದಿನಚರಿ. ಪ್ರತಿ ಗಂಟೆಗೂ ಶಾಖ ಎಷ್ಟು, ವಿದ್ಯುತ್ತು ಎಷ್ಟು, ಲೇಪ ಎಷ್ಟು ದಪ್ಪ ಕೂತಿತು ಎಂದು ಆಂಜಿನಪ್ಪನ ದುಂಡು ಅಕ್ಷರ. ಒಂದು ಪುಟಕ್ಕೆ ಬಂದು ಬೆರಳಿಟ್ಟರು. "ಓದಿ ನರಸಿಂಹಯ್ಯನೋರೇ, ನಿಮ್ಮ ದನಿ ಚೆಂದ."

ಓದಿದೆ: "ಮೀಟರಿನ ಮುಳ್ಳು ಎರಡು ಗೆರೆ ಹೆಚ್ಚು ತೋರಿಸುತ್ತಿದೆ. ಲೇಪ ತೆಳ್ಳಗೆ ಬರುತ್ತಿದೆ. ಮೀಟರನ್ನು ನಂಬಬಾರದು."

"ಆಮೇಲೆ ಬಿಚ್ಚಿಸಿ ನೋಡಿದ್ರೆ ಮೀಟರೇ ಕೆಟ್ಟಿತ್ತು," ಎಂದರು ಮುನಿಶಾಮಪ್ಪ. "ಅದನ್ನ ಮೊದಲು ಹಿಡಿದೋನು ಇವನು. ಖಾದರ್ ಬಾಷಾ ಸಾಹೇಬ್ರಿಗೆ ತೋರಿಸ್ಬೇಕಾದ್ದು ಇದಲ್ವೇನ್ಲಾ? ನಡಿ."

ಅದೇ ಮಧ್ಯಾಹ್ನ ಮೂವರೂ ಪರೀಕ್ಷಾ ವಿಭಾಗಕ್ಕೆ ಹೋದೆವು. ಬಾಷಾ ಸಾಹೇಬರು ಕನ್ನಡಕ ಹಾಕಿಕೊಂಡು ಪುಟ ತಿರುವಿದರು, ಅಲ್ಲಲ್ಲಿ ಪ್ರಶ್ನೆ ಕೇಳಿದರು. ಮುಳ್ಳು ಹೆಚ್ಚು ತೋರಿಸುತ್ತೆ ಅಂತ ಹೇಗೆ ಗೊತ್ತಾಯಿತು? ಹೊತ್ತು ಅದೇ, ಶಾಖ ಅದೇ, ಮುಳ್ಳೂ ಅದೇ ಜಾಗದಲ್ಲಿ, ಲೇಪ ಮಾತ್ರ ಕಮ್ಮಿ ಎಂದ ಆಂಜಿನಪ್ಪ, ಹಾಗಾದರೆ ಸುಳ್ಳು ಹೇಳ್ತಿರೋದು ಮುಳ್ಳೇ. ಬಾಷಾ ಪುಸ್ತಕ ಮುಚ್ಚಲಿಲ್ಲ. "ಇವತ್ತು ಇದು ನನ್ನ ಹತ್ರ ಇರಲಿ," ಎಂದರು.

ಶುಕ್ರವಾರ ಸಮಿತಿ ಮತ್ತೆ ಕೂತಿತು. ಸಹಿ ಬಂದಿತ್ತು. ವೆಂಕಟರಾಮಯ್ಯನವರು ಅದೇ ಪ್ರಶ್ನೆ ಕೇಳಿದರು. ಖಾದರ್ ಬಾಷಾ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟರು.

"ಆಂಜಿನಪ್ಪನವರು ನನಗೆ ಬೇಕು. ಜವಾಬ್ದಾರಿ ನಂದು."

ಮುನಿಶಾಮಪ್ಪನವರನ್ನು ಕರೆಸಿದರು. ಅವರು ಬಾಗಿಲಲ್ಲೇ ನಿಂತರು, ಕುರ್ಚಿ ತೋರಿಸಿದರೂ ಕೂರಲಿಲ್ಲ. "ಕೊಡ್ತೀನಿ ಸಾರ್. ಒಂದು ತಿಂಗಳು ಬದಲಿ ಆಳಿಗೆ ಕಲಿಸಿ ಹೋಗ್ಲಿ. ಕೆಟ್ಟ ಕೆಲಸ ಮಾಡಿದ್ರೆ ನನ್ನ ಹತ್ರಾನೇ ವಾಪಸ್ ಕಳಿಸಿ."

"ಬದಲಿ ಆಳಿನ ಹೆಸರು?" ಎಂದರು ಅಧ್ಯಕ್ಷರು, ನನ್ನ ಕಡೆ ತಿರುಗಿ.

ಬದಲಿ ಹೆಸರಿಲ್ಲದೆ ಬಿಡುಗಡೆ ಪತ್ರ ಪೂರ್ತಿಯಾಗುವುದಿಲ್ಲ. ಆ ಖಾನೆ ಬಿಟ್ಟುಬಿಡುವಂತಿಲ್ಲ. ಮುನಿಶಾಮಪ್ಪ ನೆಲ ನೋಡಿದರು. "ಜಹೀರ್," ಎಂದರು. "ಪಾಲಿಷ್ ಮಾಡ್ತಾನಲ್ಲ, ಅವನು."

ಜಹೀರನಿಗೆ ಇಪ್ಪತ್ತೆಂಟು. ಎರಡು ಮಕ್ಕಳು. ನನ್ನ ಲೇಖನಿ ಕಾಗದದ ಮೇಲೆ ನಿಂತಿತು. ಒಬ್ಬನ ಹೆಸರು ಮೇಲೆ ಬಂದ ಸಾಲಿನ ಕೆಳಗೇ ಇನ್ನೊಬ್ಬನದು. ಎರಡನ್ನೂ ನಾನೇ ಬರೆಯಬೇಕು. ಬರೆದೆ.

ಆಂಜಿನಪ್ಪನಿಗೆ ಆದೇಶ ಕೊಟ್ಟಾಗ ಅವನು ಕಣ್ಣಿಗೆ ಒತ್ತಿಕೊಂಡ. ಆಮೇಲೆ ಬದಲಿ ಖಾನೆ ಓದಿದ. ಮುಖ ಇಳಿಯಿತು.

"ಜಹೀರನಿಗೆ ಏನು ಹೇಳ್ಲಿ ಸೋಮಿ?"

ಆ ರಾತ್ರಿ ದೇವರ ಮುಂದೆ ದೀಪ ಹಚ್ಚಿ ನಾನೂ ಅದನ್ನೇ ಕೇಳಿದೆ.

ಉತ್ತರ ಕೊಟ್ಟವನು ಆಂಜಿನಪ್ಪನೇ. ಆ ತಿಂಗಳು ಪೂರ್ತಿ ಕಾರಿಡಾರಿನಲ್ಲಿ ಇಬ್ಬರನ್ನೂ ನೋಡಿದೆ. ಜಹೀರನಿಗೆ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳುವುದನ್ನೂ, ತೊಟ್ಟಿಗೆ ಬಗ್ಗದೆ ದೂರ ನಿಂತು ಕೊಕ್ಕೆಯಿಂದ ಎತ್ತುವುದನ್ನೂ ಮೊದಲು ಕಲಿಸಿದ. ಹಬೆ ಎಳೆಯುವ ದೊಡ್ಡ ಫ್ಯಾನು ಬೇಕೆಂದು ಮುನಿಶಾಮಪ್ಪನವರಿಂದ ಬರೆಸಿ, ಬಾಷಾ ಸಾಹೇಬರ ಸಹಿಯನ್ನೂ ಹಾಕಿಸಿ ಮೇಲೆ ಕಳಿಸಿದ. ಮತ್ತೆ ಲೇಪವಾದ ಸಾಮಾನು ತಲುಪಿಸುವ ನೆಪದಲ್ಲಿ ಅವನನ್ನು ವಿಭಾಗದಿಂದ ವಿಭಾಗಕ್ಕೆ ಕರೆದುಕೊಂಡು ಹೋದ. ಒಂದು ದಿನ ತಪಾಸಣೆಯ ಬಾಗಿಲಲ್ಲಿ ನಿಂತು ಹೇಳುತ್ತಿದ್ದುದು ಕೇಳಿಸಿತು.

"ಗೋಪಾಲಮ್ಮನೋರೇ, ಇವನು ಜಹೀರ್. ಈ ಸಾಮಾನು ಇವನದೇ ಕೈಕೆಲಸ. ನೋಡಿ, ನಾನು ಮಾಡಿದ್ದಕ್ಕಿಂತ ನಯವಾಗೈತೆ."

ಗೋಪಾಲಮ್ಮನವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಏನಂದೆ ಹೆಸರು?" ಎಂದರು, ಪೆನ್ಸಿಲು ತೆಗೆದುಕೊಂಡು.