ನಿಶಾತಳ ‘ಯಶಸ್ವಿ’ ಭಿನ್ನರಾಶಿ ಪಾಠ

ಹರಪನಹಳ್ಳಿಯಲ್ಲಿ ಬಿ.ಇಡಿ. ಓದುತ್ತಿದ್ದ ನಿಶಾತಳ ಪಾಠ ಒಂದೂ ಸೋತದ್ದಿಲ್ಲ. ಕಾಗದದ ಮೇಲಂತೂ ಇಲ್ಲ. ಪಾಠಯೋಜನೆಯ ಕೊನೆಯ ‘ಆತ್ಮಾವಲೋಕನ’ದ ಖಾನೆಯಲ್ಲಿ, “ಪಾಠ ಯಶಸ್ವಿಯಾಯಿತು. ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು. ಮುಂದೆ ಇನ್ನಷ್ಟು ಪರಿಣಾಮಕಾರಿಯಾಗಿ ಬೋಧಿಸುವೆ” ಎಂದು ಅವಳು ಅಭ್ಯಾಸ ಬೋಧನೆಗೆ ಶಾಲೆಗೆ ಹೋಗುವ ಬಸ್ಸಿನಲ್ಲೇ ಬರೆದು ಮುಗಿಸುತ್ತಿದ್ದಳು. ಪಾಠವಾದ ಮೇಲೆ ಬರೆದರೆ ನಡೆದದ್ದು ನೆನಪಾಗಿ ಅಡ್ಡಬರುತ್ತದಲ್ಲ!

ಆರನೇ ತರಗತಿಯ ‘ಎ’ ವಿಭಾಗದಲ್ಲಿ ಅವಳು, ಮೂರನೇ ಒಂದು ಭಾಗ ದೊಡ್ಡದೋ ನಾಲ್ಕನೇ ಒಂದು ಭಾಗ ದೊಡ್ಡದೋ ಎಂದು ಕೇಳಿದಳು. “ನಾಲ್ಕನೇ ಒಂದು!” ಎಂದು ಮಕ್ಕಳು ಸೂರು ಹಾರುವಂತೆ ಕೂಗಿದರು. ನಿಶಾತ “ತಪ್ಪು” ಎಂದು ಹೇಳಿ, ಅಂಶ ಒಂದೇ ಇದ್ದಾಗ ಛೇದ ದೊಡ್ಡದಾದಷ್ಟೂ ಭಿನ್ನರಾಶಿ ಚಿಕ್ಕದು ಎಂಬ ನಿಯಮವನ್ನು ಬೋರ್ಡಿನ ಮೇಲೆ ಬರೆದಳು. ಮಕ್ಕಳು ನಕಲು ಮಾಡಿಕೊಂಡರು. ಇನ್ನೇನು ಬೇಕು ಯಶಸ್ಸಿಗೆ?

ಮರುದಿನ ಸಹಪಾಠಿ ಪ್ರವೀಣಕುಮಾರ್ ಅದೇ ಯೋಜನೆ ಹಿಡಿದು ‘ಬಿ’ ವಿಭಾಗಕ್ಕೆ ಹೋದ. ಬೆವರೊರೆಸಿಕೊಳ್ಳುತ್ತಾ ಹೊರಬಂದ.

“ಏನ್ ನಿಶಾತ, ಯಶಸ್ವಿ ಅಂತ ಬರದೀಯಲ್ಲ! ಇಡೀ ಕ್ಲಾಸು ನಾಲ್ಕನೇ ಒಂದೇ ದೊಡ್ಡದು ಅಂತ ಪಟ್ಟು ಹಿಡಿದು ಕುಂತೈತಿ.”

“ನನಗೂ ಹಂಗ ಅಂದ್ರು.”

“ಮತ್ತ ಅದನ್ನ ಬರೀಬೇಕಿತ್ತಲ್ಲ!”

“ಬರದ್ರ ಮಾರ್ಕ್ಸ್ ಯಾರು ಕೊಡ್ತಾರ?”

ಇದನ್ನು ಕೇಳಿಸಿಕೊಂಡ ಆ ಶಾಲೆಯ ಗಣಿತದ ಮೇಡಂ ಅನ್ನದಾನಮ್ಮ ಆ ಖಾನೆ ಓದಿ ನಕ್ಕರು. “ಉತ್ಸಾಹ ಇದ್ದದ್ದು ಖರೇನ ಬಿಡವ್ವ, ತಪ್ಪು ಉತ್ತರಕ್ಕಿತ್ತು. ಎಲ್ಲಿ ಎಡವಿದ್ರು, ಯಾಕ ಎಡವಿದ್ರು, ಮುಂದಿನ ಸಲ ಏನು ಬದಲು ಮಾಡ್ತಿ, ಅದು ಫಲ ಕೊಡ್ತಂತ ಹೆಂಗ ತಿಳಕೊಳ್ತಿ, ಅಷ್ಟು ಬರಿ. ಬ್ಯಾರೇರು ಓದಿದ್ರ ಪಾಠ ತಿದ್ದಿಕೊಳ್ಳಂಗಿರಬೇಕು.”

ನಿಶಾತಳಿಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಕೂತು ಬರೆದಳು: “ನಾಲ್ಕು ಮೂರಕ್ಕಿಂತ ದೊಡ್ಡದಾದ್ದರಿಂದ ಮಕ್ಕಳು ನಾಲ್ಕನೇ ಒಂದನ್ನೇ ದೊಡ್ಡದೆಂದರು. ಕಾರಣ ಕೇಳದೆ ನಾನು ನಿಯಮ ಹೇಳಿದೆ. ಮುಂದಿನ ಸಲ ನಿಯಮಕ್ಕೆ ಮೊದಲು ಒಂದೇ ಅಳತೆಯ ಎರಡು ಕಾಗದದ ಪಟ್ಟಿ ಕೊಟ್ಟು, ಒಂದನ್ನು ಮೂರು, ಇನ್ನೊಂದನ್ನು ನಾಲ್ಕು ಸಮಭಾಗವಾಗಿ ಮಡಿಸಿ ಹೋಲಿಸಲು ಹೇಳುವೆ. ಕೊನೆಗೆ ಐದನೇ ಒಂದು, ಎಂಟನೇ ಒಂದು ಇವುಗಳಲ್ಲಿ ಯಾವುದು ದೊಡ್ಡದೆಂದು ಪ್ರತಿಯೊಬ್ಬರೂ ಚಿತ್ರ ಬರೆದು ತೋರಿಸಬೇಕು.”

ಹಾಗೆಯೇ ‘ಎ’ ವಿಭಾಗಕ್ಕೆ ಮತ್ತೆ ಪಾಠ ಮಾಡಿದಳು. “ಹಂಚ್ಕೊಳ್ಳೋರು ಹೆಚ್ಚಾದ್ರ ಪಾಲು ಸಣ್ಣದಾಗ್ತೈತ್ರೀ!” ಎಂದಳು ಭಾಗ್ಯ ಎಂಬ ಹುಡುಗಿ. ಬಹುಪಾಲು ಚಿತ್ರಗಳು ಸರಿಯಿದ್ದವು. ಆದರೆ ಪಟ್ಟಿಯನ್ನು ಮೂರು ಸಮಭಾಗವಾಗಿ ಮಡಿಸುವುದರಲ್ಲಿ ಹಲವರು ಸೋತಿದ್ದರು, ಅದನ್ನೂ ಬರೆದಳು.

ಕಾಲೇಜಿನ ಹಾಲಸ್ವಾಮಿ ಸರ್ ಓದಿ ಹೌಹಾರಿದರು. ಆ ವರ್ಷ ಅವರು ಆ ಖಾನೆ ಓದಿದ್ದು ಅದೇ ಮೊದಲು. “ಮಕ್ಕಳಿಗೆ ತಿಳೀಲಿಲ್ಲ ಅಂತ ಕೈಯಾರೆ ಯಾರಾದ್ರೂ ಬರೀತಾರೇನಮ್ಮ?” ಎಂದು ಒಂದು ಅಂಕ ಕಿತ್ತುಕೊಂಡರು. ಪ್ರಾಮಾಣಿಕತೆಗೆ ಅಷ್ಟಾದರೂ ಬೆಲೆ ಬೇಡವೆ!

ನಿಶಾತಳಿಗೆ ಆ ಅಂಕ ಅಷ್ಟೇನೂ ನೋಯಲಿಲ್ಲ. ಹೊರಗೆ ಪ್ರವೀಣ ಕಾಯುತ್ತಿದ್ದ. “ನಾಳೆ ಬಿ ಸೆಕ್ಷನ್ನಿಗೆ ನಾ ಹೋಗಬೇಕು. ಪಟ್ಟಿ ಎಷ್ಟು ಉದ್ದ ಕತ್ತರಿಸ್ಲಿ?”

“ಹನ್ನೆರಡು ಸೆಂಟಿಮೀಟರ್. ಮೂರು ಭಾಗದ ಪಟ್ಟಿಗೆ ನಾಲ್ಕು ನಾಲ್ಕು ಸೆಂಟಿಮೀಟರಿಗೆ, ನಾಲ್ಕು ಭಾಗದ ಪಟ್ಟಿಗೆ ಮೂರು ಮೂರು ಸೆಂಟಿಮೀಟರಿಗೆ ಮೊದಲೇ ಗೆರೆ ಎಳೆದಿಡು,” ಎಂದಳು ನಿಶಾತ. ಆಮೇಲೆ ಅಲ್ಲೇ ಕಟ್ಟೆಯ ಮೇಲೆ ಕೂತು ಅವನಿಗೆ ಕತ್ತರಿ ಕೊಟ್ಟು, ತಾನು ಸ್ಕೇಲು ಹಿಡಿದಳು.